ಎರಡನೇ ಪರದೆ ಯಾರ ಮೇಜಿಗೆ

ಪಠ್ಯಪುಸ್ತಕ ಅಚ್ಚು ಹಾಕಿಸುವ ಆ ಕಚೇರಿಯಲ್ಲಿ ಕರಡು ತಿದ್ದುವವರು ಇಬ್ಬರೇ. ಒಬ್ಬಳು ಎರಡು ವರ್ಷದ ಹಿಂದೆ ಸೇರಿದ ಹುಡುಗಿ, ಇನ್ನೊಬ್ಬರು ಶಾಲೆಯಿಂದ ನಿವೃತ್ತರಾಗಿ ಬಂದ ಮೇಷ್ಟ್ರು. ಲೇಖಕರ ಮೂಲವನ್ನೂ ಪುಟ ಕಟ್ಟಿದ ಕರಡನ್ನೂ ಒಂದೇ ಪರದೆಯಲ್ಲಿ ಅದಲುಬದಲು ಮಾಡಿ ನೋಡಬೇಕಿತ್ತು. ಇತ್ತೀಚೆಗೆ ಮೇಷ್ಟ್ರು ಅಕ್ಷರಗಳನ್ನು ಎಷ್ಟು ದೊಡ್ಡದು ಮಾಡಿಕೊಳ್ಳುತ್ತಿದ್ದರೆಂದರೆ, ಪರದೆಯಲ್ಲಿ ಏಳೆಂಟು ಸಾಲು ಮಾತ್ರ ಹಿಡಿಸುತ್ತಿತ್ತು.

“ಇನ್ನೊಂದು ಮಾನಿಟರ್ ಕೇಳಿ ಸಾರ್.”

“ಯಾಕಮ್ಮ? ನನ್ನ ಕಣ್ಣಿಗೇನಾಗಿದೆ?” ಎಂದು ಮೇಷ್ಟ್ರು ಮುಖ ಊದಿಸಿಕೊಂಡರು.

ಹುಡುಗಿ ತನ್ನ ಹೆಸರಿನಲ್ಲೇ ಆಫೀಸ್ ಮ್ಯಾನೇಜರ್‌ಗೆ ಇಮೇಲ್ ಬರೆದಳು:

“ಮೇಡಂ, ನಿನ್ನೆ ಒಂದು ಗಂಟೆ ಲೆಕ್ಕ ಇಟ್ಟೆ. ಮೂಲಕ್ಕೂ ಕರಡಿಗೂ ನೂರಾ ಹನ್ನೆರಡು ಸಲ ಓಡಾಟವಾಯಿತು. ಪ್ರತಿ ಸಲವೂ ಓದುತ್ತಿದ್ದ ಸಾಲನ್ನು ಮತ್ತೆ ಹುಡುಕಬೇಕು. ಎರಡೂ ಅಕ್ಕಪಕ್ಕ ಕಂಡರೆ ದಿನಕ್ಕೆ ಇಪ್ಪತ್ತರ ಬದಲು ಇಪ್ಪತ್ತೈದು ಪುಟ ಮುಗಿಯಬಹುದು, ತಪ್ಪೂ ಕಡಿಮೆಯಾಗುತ್ತದೆ. ಇಪ್ಪತ್ನಾಲ್ಕು ಇಂಚಿನ ಮಾನಿಟರ್ ಎಂಟರಿಂದ ಹನ್ನೊಂದು ಸಾವಿರಕ್ಕೆ ಸಿಗುತ್ತದೆ. ಕಂಪ್ಯೂಟರಿನ ಹಿಂದೆ ಅದರ ಕೇಬಲ್‌ಗೆ ಜಾಗ ಖಾಲಿ ಇದೆ, ನೋಡಿದ್ದೇನೆ.”

ಮಧ್ಯಾಹ್ನ ಮೇಡಂ ಕುರ್ಚಿ ಎಳೆದುಕೊಂಡು ಹುಡುಗಿಯ ಪಕ್ಕದಲ್ಲೇ ಕೂತರು. “ಎಲ್ಲಿ, ಕೆಲಸ ಮಾಡು, ನೋಡೋಣ.”

ಹುಡುಗಿಯ ಬೆರಳು ಸರಸರ ಓಡಿತು. ಒಮ್ಮೆಯೂ ಸಾಲು ತಪ್ಪಲಿಲ್ಲ. ಮೇಡಂ ಸ್ವಲ್ಪ ಹೊತ್ತು ನೋಡಿ, ಪರದೆಗೆ ಮೂಗು ತಾಗಿಸುವಂತೆ ಬಾಗಿದ್ದ ಮೇಷ್ಟ್ರ ಕಡೆ ತಿರುಗಿದರು.

“ನೀನು ಲೆಕ್ಕ ಇಟ್ಟಿದ್ದು ಯಾರ ಮೇಜಿಂದು?” ಎಂದು ಪಿಸುಗುಟ್ಟಿದರು.

ಹುಡುಗಿ ನಾಲಿಗೆ ಕಚ್ಚಿಕೊಂಡಳು. “ಅವರದ್ದೇ ಮೇಡಂ. ಸತ್ತರೂ ಕೇಳಲ್ಲ ಅವರು.”

ಮೇಡಂ ನಗು ತಡೆದುಕೊಂಡು ಎದ್ದು ಹೋದರು.

ಮುಂದಿನ ವಾರ ಹೊಸ ಮಾನಿಟರ್ ಬಂದು ಮೇಷ್ಟ್ರ ಮೇಜಿನ ಮೇಲೆ ಕೂತಿತು. ಅವರು ಬಾಯಿ ತೆರೆಯುವ ಮೊದಲೇ ಮೇಡಂ ಅಂದರು: “ಸಾರ್, ಇದರಿಂದ ಕೆಲಸಕ್ಕೆ ಅನುಕೂಲ ಇದೆಯೋ ಇಲ್ಲವೋ ಅನುಭವಸ್ಥರು ಹೇಳಬೇಕು. ಹದಿನೈದು ದಿನ ಬಳಸಿ ಒಂದು ವರದಿ ಕೊಡ್ತೀರಾ?”

“ವರದಿ ತಾನೇ? ಕೊಡೋಣ,” ಎಂದು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಮಾರನೆಯ ದಿನದಿಂದಲೇ ಅವರ ಬೆನ್ನು ನೆಟ್ಟಗಾಯಿತು. ಹುಡುಗಿ ಮಾತ್ರ ಏನೂ ಕಾಣದವಳಂತೆ ಇದ್ದಳು.

ಹದಿನಾರನೆಯ ದಿನ ಮೇಡಂಗೆ ಮೇಷ್ಟ್ರ ಇಮೇಲ್ ಹೋಯಿತು. ದಿನಕ್ಕೆ ಇಪ್ಪತ್ತಾರು ಪುಟ ಆಗುತ್ತಿದೆ ಎಂದು ಬರೆದು, ಕೆಳಗೆ ಸೇರಿಸಿದ್ದರು: “ಪಕ್ಕದ ಮೇಜಿನ ಹುಡುಗಿಗೂ ಒಂದು ಕೊಡಿಸಿ. ಪಾಪ, ತನಗಾಗಿ ಬಾಯಿಬಿಟ್ಟು ಕೇಳುವ ಸ್ವಭಾವ ಅವಳದ್ದಲ್ಲ. ಒಂಬತ್ತು ಸಾವಿರದೊಳಗೆ ಒಳ್ಳೆಯದೇ ಬರುತ್ತದೆ, ವಿಚಾರಿಸಿದ್ದೇನೆ.”

ಅದೂ ಬಂತು. ಮೇಷ್ಟ್ರು ತಾವೇ ಮೇಜಿನ ಕೆಳಗೆ ತೂರಿ ಕೇಬಲ್ ಸಿಕ್ಕಿಸಿದರು. ಪರದೆ ಕಪ್ಪಾಗಿಯೇ ಇತ್ತು.

“ಸಾರ್, ಬರ್ತಿಲ್ಲ!”

“ಗಾಬರಿ ಆಗಬೇಡ, ಪವರ್ ಬಟನ್ ಒತ್ತಮ್ಮ,” ಎಂದು ಮೇಜಿನ ಕೆಳಗಿನಿಂದ ಧ್ವನಿ ಬಂತು. “ನಾನೂ ಮೊದಲ ದಿನ ಅದನ್ನೇ ಮರೆತಿದ್ದೆ.”