ಟೋಪಿಯ ಕೆಳಗಿನ ತಲೆ

ಆರ್.ಟಿ. ನಗರದ ಆಫೀಸಿನಲ್ಲಿ ಲಾಯರ್ ಶಾಂತಲಾ ಮೊದಲು ಈರವ್ವನ ಕೈಗೆ ಚಹಾದ ಲೋಟ ಕೊಟ್ಟರು, ಆಮೇಲೆ ಮಾತು ತೆಗೆದರು. ಮರುದಿನ ಈರವ್ವ ಸೆಷನ್ಸ್ ಕೋರ್ಟಿನಲ್ಲಿ ಮಗ ಬಸವಕಿರಣನ ಪರ ಸಾಕ್ಷಿ ಹೇಳಬೇಕಿತ್ತು.

ಬಾಗಲಗುಂಟೆಯ ವಠಾರದಲ್ಲಿ ಪಕ್ಕದ ಮನೆಯ ಪಿಳ್ಳಣ್ಣನಿಗೂ ಬಸವಕಿರಣನಿಗೂ ನೀರಿನ ಮೋಟರಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದಿತ್ತು. ಪಿಳ್ಳಣ್ಣ ಕೈ ಎತ್ತಿರಲಿಲ್ಲ, ನಾಲಿಗೆ ಮಾತ್ರ ಹರಿಬಿಟ್ಟಿದ್ದ. ಅಲ್ಲೇ ಬಿದ್ದಿದ್ದ ಸೌದೆ ತುಂಡು ಎತ್ತಿ ಹುಡುಗ ಅವನ ತಲೆಗೆ ಒಂದೇ ಒಂದು ಏಟು ಹಾಕಿದ. ಪಿಳ್ಳಣ್ಣ ಸಂಜೆಗೆ ತೀರಿಕೊಂಡ.

"ನೋಡಿ ಅಮ್ಮ," ಶಾಂತಲಾ ನಿಧಾನವಾಗಿ ಹೇಳಿದರು. "ಸಾಯಿಸ್ಬೇಕು ಅಂತ್ಲೇ ಹೊಡೆದ್ರೆ ಕೊಲೆ. ಯಾರಿಗಾದ್ರೂ ಸಾವು ತರೋವಂಥ ಗಾಯಾನೇ ಮಾಡ್ಬೇಕು ಅಂತ ಹೊಡೆದ್ರೂ ಕೊಲೆ. ಜೀವಾವಧಿ, ಇಲ್ಲಾ ಗಲ್ಲು. ಅಂಥ ಉದ್ದೇಶ ಇಲ್ದೆ, ಸಾಯಲೂಬಹುದು ಅನ್ನೋದಷ್ಟೇ ಗೊತ್ತಿದ್ದು ಹೊಡೆದ್ರೆ ಕೊಲೆಯಲ್ಲದ ನರಹತ್ಯೆ. ಹತ್ತು ವರ್ಷದ ಒಳಗೆ. ಈ ಏಟಿಗೆ ಸಾಧಾರಣ ತಲೆ ಉಳಿದ್ರೂ ಉಳೀತಿತ್ತು ಅಂತ ಡಾಕ್ಟ್ರು ಹೇಳಿದಾರೆ. ಪಿಳ್ಳಣ್ಣನ ತಲೇಲಿ ಒಂದು ಕಡೆ ಮೂಳೆ ಇರ್ಲಿಲ್ಲ, ಆಪರೇಷನ್ ಆಗಿತ್ತು. ಅದು ನಂಗೆ ಗೊತ್ತೇ ಇರ್ಲಿಲ್ಲ ಅಂತ ನಿಮ್ಮ ಮಗ ಹೇಳಿದಾನೆ."

ಈರವ್ವ ಲೋಟ ಕೆಳಗಿಟ್ಟಳು.

"ಪಿಳ್ಳಣ್ಣನ ಹೆಂಡ್ತಿ ಮುನಿಶಾಮಮ್ಮನೂ ಕೋರ್ಟಲ್ಲಿ ಹಾಗೇ ಹೇಳಿದ್ರು," ಶಾಂತಲಾ ಮುಂದುವರಿಸಿದರು. "ಗಂಡ ಟೋಪಿ ತೆಗೀತಾನೇ ಇರ್ಲಿಲ್ಲ, ವಠಾರದಲ್ಲಿ ಯಾರಿಗೂ ಗೊತ್ತಿಲ್ಲ ಅಂತ. ಸತ್ತವನ ಹೆಂಡ್ತೀನೇ ಹೇಳಿದ್ದು ನಮಗೆ ಎಷ್ಟೋ ಒಳ್ಳೇದು. ನಾಳೆ ಕೇಳಿದ್ದಕ್ಕಷ್ಟೇ ಉತ್ತರ ಕೊಡಿ."

ಈರವ್ವನ ಕಿವಿಗೆ ಬೇರೆಯದೇ ಬಿತ್ತು. ಯಾರಿಗೂ ಗೊತ್ತಿಲ್ಲವಂತೆ! ಆಸ್ಪತ್ರೆಯಲ್ಲಿ ಎಂಟು ರಾತ್ರಿ ಪಿಳ್ಳಣ್ಣನ ಪಕ್ಕ ಕೂತವನು ತನ್ನ ಮಗನಲ್ಲವೇ? ತಾನು ಕಳಿಸಿದ ರೊಟ್ಟಿ, ಗಂಜಿ? ಮುನಿಶಾಮಮ್ಮ ಒಂದನ್ನೂ ನೆನೆಯಲಿಲ್ಲವಲ್ಲ! ಕೋರ್ಟು ನೋಡುವುದು ಮನಸ್ಸನ್ನು ತಾನೇ? ಮಗನ ಮನಸ್ಸು ಎಂಥದೆಂದು ತಾನೇ ಹೇಳಿದರಾಯಿತು. ಲಾಯರಮ್ಮನಿಗೆ ಮಾತ್ರ ಅವಳು ಇದನ್ನು ಹೇಳಲಿಲ್ಲ.

ಮರುದಿನ ಕೋರ್ಟಿನಲ್ಲಿ ಶಾಂತಲಾ ಕೇಳಿದ್ದಕ್ಕೆಲ್ಲ ಈರವ್ವ ಸರಿಯಾಗಿಯೇ ಉತ್ತರಿಸಿದಳು. ಏಟು ಒಂದೇ. ಹಗೆ ಇರಲಿಲ್ಲ. ಆಮೇಲೆ ಸರ್ಕಾರಿ ವಕೀಲ ಅನಂತರಾಜು ಎದ್ದರು.

"ಹಗೆ ಇರ್ಲಿಲ್ಲ ಅಂತೀರಿ. ಸ್ನೇಹ ಇತ್ತಾ?"

"ಸ್ನೇಹ ಏನ್ರಿ ಸಾಹೇಬ್ರ, ಅಣ್ಣತಮ್ಮಂದಿರಾಂಗ ಇದ್ರು. ಪಿಳ್ಳಣ್ಣ ಗಾಡಿಯಿಂದ ಬಿದ್ದಾಗ ಎಂಟು ರಾತ್ರಿ ದವಾಖಾನ್ಯಾಗ ಕುಂತವ ನನ್ನ ಮಗಾರಿ. ಎಲುಬು ತೆಗದ ಜಾಗಾ ಅದು, ಏಟು ಬಿದ್ರ ಜೀವಕ್ಕ ಅಪಾಯ ಅಂತ ಡಾಕ್ಟ್ರು ಇವನ ಮುಂದ ಹೇಳಿದ್ರು. ಟೋಪಿ ತಂದು ಹಾಕಿದವನೂ ಇವನ. ಇಂಥವ ಕೊಲ್ತಾನೇನ್ರಿ?"

ಶಾಂತಲಾ ಕಣ್ಣು ಮುಚ್ಚಿಕೊಂಡರು. ಅನಂತರಾಜು ದನಿ ಏರಿಸಲಿಲ್ಲ. "ಏಟು ಬಿದ್ದದ್ದು ಯಾವ ಕಡೆಗೆ, ತಾಯಿ?"

ಈರವ್ವನ ಕೈ ತಾನಾಗಿಯೇ ತನ್ನ ಎಡಗಿವಿಯ ಮೇಲ್ಭಾಗಕ್ಕೆ ಹೋಯಿತು. "ಅದ ಕಡೆ..."

"ಸಾಕು ತಾಯಿ. ನೀರು ಕುಡೀರಿ," ಎಂದು ಅವರೇ ಲೋಟ ಮುಂದೆ ಸರಿಸಿ ಕೂತರು.

ಮತ್ತೆ ಪ್ರಶ್ನೆ ಕೇಳುವ ಸರದಿ ಬಂದಾಗ ಶಾಂತಲಾ ಎಷ್ಟು ತಿಣುಕಿದರೂ ಆಡಿದ ಮಾತು ಹಿಂದಕ್ಕೆ ಬರಲಿಲ್ಲ. ಹೊರಗೆ ಬಂದ ಮೇಲೆ ಅವರು ಬೈಯಲಿಲ್ಲ. "ಕಾಯ್ದೇಲಿ ಇನ್ನೊಂದು ಮಾತಿದೆ ಅಮ್ಮ. ನಾನೇ ನಿಮಗೆ ಬಿಡಿಸಿ ಹೇಳ್ಬೇಕಿತ್ತು. ಬೇರೆಯವರು ಬದುಕೋ ಏಟೇ ಇರ್ಲಿ, ಈ ಮನುಷ್ಯ ಇದಕ್ಕೆ ಸಾಯ್ತಾನೆ ಅಂತ ಗೊತ್ತಿದ್ದೂ ಅವನಿಗೆ ಗಾಯ ಮಾಡೋಕೇ ಹೊಡೆದ್ರೆ, ಅದೂ ಕೊಲೆ."

ಮೆಟ್ಟಿಲ ಬಳಿ ಮುನಿಶಾಮಮ್ಮ ನಿಂತಿದ್ದಳು. "ಯಾರ್ಗೂ ಗೊತ್ತೇ ಇಲ್ಲ ಅಂದೆ ಕಣಕ್ಕ," ಎಂದಳು. "ಠಾಣೇಲೂ ಅಂಗೇ ಅಂದಿದ್ದೆ. ವೋದೋರು ವೋದ್ರು, ಆ ಹುಡ್ಗನಾದ್ರೂ ನಿನ್ ಕಣ್ಮುಂದೆ ಈಚೆ ಬರ್ಲಿ ಅಂತ. ನೀನ್ಯಾಕ್ ಬಾಯ್ಬಿಟ್ಟೆ?"

ಮುನಿಶಾಮಮ್ಮನೇ ಈರವ್ವನ ತೋಳು ಹಿಡಿದು ಮೆಟ್ಟಿಲ ಮೇಲೆ ಕೂರಿಸಿದಳು.

ಒಂದು ತಿಂಗಳಿಗೆ ತೀರ್ಪು ಬಂತು. ಕೊಲೆ, ಜೀವಾವಧಿ. ತೀರ್ಪಿನಲ್ಲಿ ತಾಯಿಯ ಮಾತು ಎರಡು ಕಡೆ ಬಂದಿತ್ತು. ಹೈಕೋರ್ಟಿಗೆ ಮೇಲ್ಮನವಿ ಹಾಕೋಣ ಎಂದರು ಶಾಂತಲಾ. ಆದರೆ ಹೇಳುವಾಗ ಈರವ್ವನ ಮುಖ ನೋಡಲಿಲ್ಲ.

ವ್ಯಾನು ಹತ್ತಿಸುವ ಮುಂಚೆ ಪೊಲೀಸಿನವನೊಬ್ಬ ಎರಡು ನಿಮಿಷ ಅತ್ತ ತಿರುಗಿ ನಿಂತ.

"ನೀ ಏನ್ ಸುಳ್ಳ ಹೇಳಿಲ್ಲ ಬಿಡವ್ವಾ," ಎಂದ ಬಸವಕಿರಣ.

"ಗೊತ್ತಿದ್ದೂ ಅಲ್ಲೇ ಯಾಕ ಹೊಡದಿ?"

"ಕೈ ಎತ್ತುವಾಗೂ ಗೊತ್ತಿತ್ತವ್ವಾ," ಎಂದ.

ಪೊಲೀಸಿನವನು ಮೆಲ್ಲಗೆ ಕೆಮ್ಮಿದ. ವ್ಯಾನಿನ ಬಾಗಿಲು ಮುಚ್ಚಿತು.