ಇಲ್ಲದ್ದನ್ನೇ ಬೈಯಬೇಕು

ಬೈಗುಳದ ಕಥೆಯನ್ನು ಬೈಯಲು ಬಲ್ಲವರೇ ಹೇಳಬೇಕು. ಅಂಥವರು ಯಾರೂ ಹೇಳದೆ ಉಳಿದದ್ದರಿಂದ ಇಲ್ಲಿ ಹೇಳುವ ಧೈರ್ಯ ಮಾಡಲಾಗಿದೆ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಅವನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಒಂದು ವಾಕ್ಯ ಆಡುವುದರೊಳಗೆ ಮೂರು ಸಲ ನಿಂತು ಉಗುಳು ನುಂಗುತ್ತಿದ್ದುದರಿಂದ ಜೊತೆಗಾರರು ಅವನಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟಿದ್ದರು. ಯಾರಾದರೂ ಅವನ ಕಾಲು ತುಳಿದರೆ ಕ್ಷಮಿಸಿ ಎನ್ನುತ್ತಿದ್ದವನು ಅವನೇ. ಇಂಥವನ ಮೇಲೆ ಮಗಳ ಮದುವೆಯ ಮಾರನೆಯ ದಿನ ಬೀಗರನ್ನು ಬೈಯುವ ಹೊಣೆ ಬಿತ್ತು.

ಅವರ ಮನೆತನದಲ್ಲಿ ಬೈಯುವುದು ಅವ್ವನ ಕೆಲಸವಾಗಿತ್ತು. ಎರಡು ಮನೆಯವರು ಎದುರುಬದುರು ಕೂತು ಎರಡೆರಡು ಸಾಲಿನಲ್ಲಿ ಒಬ್ಬರನ್ನೊಬ್ಬರು ಹೀಯಾಳಿಸುವ ಈ ಹಳೆಯ ಆಟದಲ್ಲಿ ಅವಳನ್ನು ಸೋಲಿಸಿದವರಿರಲಿಲ್ಲ. ಆದರೆ ಗಂಟಲಿಗೆ ಏನೋ ಆಗಿ, ಹದಿನೈದು ದಿನ ಒಂದು ಮಾತೂ ಆಡಬಾರದು ಎಂದು ಡಾಕ್ಟರು ಹೇಳಿದ್ದರು. ಅವಳು ಸ್ಲೇಟು ಹಿಡಿದು ಕೂತಿದ್ದಳು. ಅವಳು ಬರೆದದ್ದರಲ್ಲಿ ಕಾಗುಣಿತ ತಪ್ಪಿದ್ದರೆ ಅವನು ತಿದ್ದುತ್ತಿದ್ದ. ತಿದ್ದಿದಾಗಲೆಲ್ಲ ಬಳಪದಿಂದ ತಲೆಗೊಂದು ಮೊಟಕು ಬೀಳುತ್ತಿತ್ತು.

ಅವನು ವಾರವಿಡೀ ಕೂತು ನಲವತ್ತು ಜೋಡಿಸಾಲು ಬರೆದು, ತಿದ್ದಿ, ನಕಲು ತೆಗೆದು ಅವ್ವನಿಗೆ ಒಪ್ಪಿಸಿದ. ಅವಳು ನೋಟುಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು ಸ್ಲೇಟಿನಲ್ಲಿ ಬರೆದಳು: ‘ಇದು ಒಲೆಗೆ ಸರಿ. ಎದುರಾಳಿಯ ಕೊನೇ ಮಾತು ಹಿಡಿದು ನೀನು ಶುರು ಮಾಡಬೇಕು. ಮುಂಚೆ ಬರೆದಿಟ್ಟರೆ ಏನು ಬಂತು?’

ಆಮೇಲೆ ಒಂದೊಂದಾಗಿ ಕಟ್ಟಳೆಗಳು ಬಂದವು. ಸಾಲು ಎರಡೇ. ಎರಡರಲ್ಲೂ ಎರಡನೆಯ ಅಕ್ಷರ ಒಂದೇ ಇರಬೇಕು, ಕೊನೆಯೂ ಕೂಡಬೇಕು. ಮಂದಿ ಮೂರು ಚಪ್ಪಾಳೆ ತಟ್ಟುವುದರೊಳಗೆ ಉತ್ತರ ಬರಬೇಕು. ಸಿಟ್ಟಾದವನು ಸೋತ. ಕ್ಷಮೆ ಕೇಳಿದವನೂ ಸೋತ. ಕಡೆಯದನ್ನು ಅವಳು ದೊಡ್ಡದಾಗಿ ಬರೆದಳು: ‘ಇಲ್ಲದ್ದನ್ನೇ ಬಯ್ಯಿ. ಇದ್ದದ್ದನ್ನು ಬಯ್ಯಬೇಡ. ಕುಳ್ಳನನ್ನು ತೆಂಗಿನಮರ ಅನ್ನು, ಎಲ್ಲರೂ ನಗುತ್ತಾರೆ. ಕುಳ್ಳ ಅಂದರೆ ಅದು ಆಟವಲ್ಲ, ಜಗಳ.’

ಈ ಸಾಲಿನಲ್ಲಿ ತಿದ್ದುವುದಕ್ಕೇನೂ ಸಿಗದೆ ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

ಆಟ ನಡೆದದ್ದು ಗಂಡಿನ ಸೋದರತ್ತೆಯ ಹೊಲಿಗೆ ಅಂಗಡಿಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ. ಮಿಷನ್ನುಗಳನ್ನು ಗೋಡೆಗೆ ಸರಿಸಿ ಜಮಖಾನ ಹಾಸಿದ್ದರು. ಅಂಗಡಿ ಅತ್ತೆಯದು. ಅವನ ಮಗಳು ಎರಡು ವರ್ಷದಿಂದ ಕೆಲಸ ಕಲಿಯುತ್ತಿದ್ದದ್ದೂ ಅಲ್ಲೇ, ಇನ್ನು ಮುಂದೆ ಬಾಳಬೇಕಾದದ್ದೂ ಅತ್ತೆಯ ಜೊತೆಗೇ. ಎದುರುಬದುರು ಕೂರಲು ಜಾಗ ಸಾಲದೆ ಅತ್ತೆ ನಡುವೆ ಕೂತಿದ್ದಳು, ಅವಳ ಎಡಕ್ಕೆ ಇವನು, ಇವನ ಪಕ್ಕದಲ್ಲಿ ಅವ್ವ, ಹಿಂದೆ ಮಗಳು. ಅವನು ಬಾಯಿ ತೆರೆದರೆ ಸಾಕು, ಅವಳು ಪೂರ್ತಿ ತಿರುಗಿ ಅವನ ಮುಖವನ್ನೇ ದಿಟ್ಟಿಸುತ್ತಿದ್ದಳು. ಹೆದರಿಸುವುದಕ್ಕೇ ಹಾಗೆ ಮಾಡುತ್ತಾಳೆ ಎಂದುಕೊಂಡು ಅವನು ತಕ್ಕಮಟ್ಟಿಗೆ ಹೆದರಿದ.

ಅತ್ತೆಯೇ ಶುರು ಮಾಡಿದಳು:

“ಬೀಗರು ಬಂದರು ಬಿಳಿಯಂಗಿ ತೊಟ್ಟು,
ಬಾಗಿಲ ಹೊರಗೇನೆ ಬುದ್ಧಿಯ ಬಿಟ್ಟು!”

ಒಂದು ಚಪ್ಪಾಳೆ. ಎರಡು. ಅವನು ಉಗುಳು ನುಂಗಿದ.

“ಬಿಟ್ಟ ಬುದ್ಧಿಯ ಕಂಡು ನಿಮ್ಮೋರು ಓಡಿ,
ತೊಟ್ಟಿಲಲಿ ತೂಗಿದರು ಹೊಸದೆಂದು ನೋಡಿ!”

ಮಂದಿ ಹೋ ಎಂದರು. ಅವನು ಅಭ್ಯಾಸಬಲದಿಂದ “ಕ್ಷ...” ಎನ್ನುವಷ್ಟರಲ್ಲಿ ಅವ್ವ ತೊಡೆ ಚಿವುಟಿದಳು.

“ಏನೋ ಅಂದ್ರಿ ಬೀಗ್ರೇ?” ಅಂದಳು ಅತ್ತೆ.

“ಸೀನು ಬಂತು ಅಷ್ಟೆ ಅತ್ತಿಗೆಮ್ಮ.”

“ಆ ಮೂಗಿಂದ ಸೀನಿದ್ರೆ ನಮ್ಮ ಮಾಡಿನ ಹಂಚು ಉಳಿಯತ್ತಾ?

ನೋಡಿರೇ ಬೀಗನ ಮೂಗಿನ ಉದ್ದ,
ಓಡಿ ಬಂತದು ಮೊದಲು, ಇವ ಹಿಂದೆ ಇದ್ದ!”

ಅವನ ಮೂಗು ಅಂಗಿ ಗುಂಡಿಯಷ್ಟು. ಅದಕ್ಕೇ ನಗು ಅಷ್ಟು ಜೋರಾಗಿ ಬಂತು. ಸ್ಲೇಟಿನ ಪಾಠ ಅವನಿಗೆ ಆಗ ಅರ್ಥವಾಯಿತು. ಅರ್ಥವಾದ ಸಂತೋಷದಲ್ಲಿ ಎರಡು ಚಪ್ಪಾಳೆ ಕಳೆದವು. ಬೇಗ ಏನಾದರೂ ಇಲ್ಲದ್ದು ಬೇಕು! ಅಷ್ಟು ಚುರುಕಿನ ಹೆಂಗಸಿಗೆ ಇಲ್ಲದ್ದು ಏನು? ಅವಳು ನೀರಿನ ಲೋಟ ತೆಗೆದುಕೊಳ್ಳಲು ಆ ಕಡೆ ಬಗ್ಗಿದ್ದಳು. ಎಡಗಿವಿಯ ಓಲೆ ಅವನ ಕಣ್ಣಿಗೆ ಹೊಳೆಯಿತು.

“ಇದ್ದ ಕಿವಿ ಎರಡಲ್ಲಿ ಒಂದು ಬರಿ ಓಲೆಗೆ,
ಮದ್ದಳೆ ಬಡಿದರೂ ಕೇಳದೀ ಬಾಲೆಗೆ!”

ಮಂದಿ ಬಿದ್ದು ಬಿದ್ದು ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಅವಳ ಕೈ ಮೆಲ್ಲಗೆ ಎಡಗಿವಿಯ ಓಲೆಗೆ ಹೋಗಿ ಅಲ್ಲೇ ನಿಂತಿತು.

ಒಂದು ಚಪ್ಪಾಳೆ.

ಮಗಳು ಬಗ್ಗಿ ಅವನ ಕಿವಿಯಲ್ಲಿ ಉಸುರಿದಳು. “ಅಪ್ಪಾ, ಏನ್ ಮಾಡ್ಬಿಟ್ಟೆ! ಅತ್ತೆಗೆ ಎಡಗಿವಿ ನಿಜವಾಗ್ಲೂ ಕೇಳಲ್ಲ. ನನ್ನೊಬ್ಬಳ ಹತ್ರ ಹೇಳಿದ್ರು, ಯಾರಿಗೂ ಹೇಳ್ಬೇಡ ಅಂತ. ನಾನೇ ನಿನಗೆ ಊದಿದೆ ಅಂದ್ಕೊಳ್ತಾರೆ.”

ಕಾಲಿಗೆ ಬಿದ್ದಾದರೂ ಕ್ಷಮೆ ಕೇಳೋಣ ಎಂದು ಅವನು ಏಳಹೊರಟ. ಅವ್ವ ಅಂಗಿ ಹಿಡಿದು ಜಗ್ಗಿ ಸ್ಲೇಟು ತೋರಿಸಿದಳು: ‘ಕ್ಶಮೆ ಕೇಳಿದರೆ ನಿಜ ಅಂತ ಡಂಗುರ ಹೊಡೆದ ಹಾಗೆ.’

ಹುಟ್ಟಿದಂದಿನಿಂದ ಅವನಿಗೆ ಚೆನ್ನಾಗಿ ಬರುತ್ತಿದ್ದದ್ದು ಕ್ಷಮೆ ಕೇಳುವುದೊಂದೇ. ಇವತ್ತು ಅದೂ ಕೈಕೊಟ್ಟಿತು. ‘ಕ್ಶಮೆ’ಯನ್ನು ತಿದ್ದಬೇಕೆಂದು ಆಗಲೂ ಅನ್ನಿಸಿತು, ಅದಕ್ಕಾಗಿ ತನ್ನನ್ನೇ ಶಪಿಸಿಕೊಂಡ.

ಎರಡನೆಯ ಚಪ್ಪಾಳೆ.

ಇಲ್ಲದ್ದನ್ನು ಬೈಯಬೇಕು. ಇದ್ದದ್ದನ್ನು ಬೈದಾಗಿದೆ. ಇದ್ದದ್ದನ್ನು ಬೈದರೂ ಯಾರ ಮನಸ್ಸಿಗೂ ನೋವಾಗದಂಥವನು ಈ ಕೋಣೆಯಲ್ಲಿ ಒಬ್ಬನೇ, ಅದು ತಾನು. ಮೂರನೆಯ ಚಪ್ಪಾಳೆಗೆ ಮಂದಿಯ ಕೈ ಮೇಲೆದ್ದವು. ಸರದಿ ಅವಳದು, ಆದರೆ ಅವನೇ ಎದ್ದು ಅವಳ ಎದುರಿಗೆ ಬಂದು ನಿಂತು, ತನ್ನದೇ ಕೊನೆಯ ಮಾತು ಹಿಡಿದು ಕೂಗಿದ:

“ಬಾಲೆಯ ಬೈದವನು ಬರೀ ಕರಡು ತಿದ್ದಪ್ಪ,
ಓಲೆ ಕಂಡರೆ ಕಾಗದವೆಂದು ಓದೋ ಪೆದ್ದಪ್ಪ!”

ಕಿವಿಯ ಓಲೆ, ಕಾಗದದ ಓಲೆ ಎರಡೂ ಹೊಳೆದು ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರ ಕಣ್ಣೂ ಅತ್ತೆಯ ಕಿವಿಯ ಮೇಲೆ ಉಳಿಯಲಿಲ್ಲ, ಎಲ್ಲರೂ ಪೆದ್ದಪ್ಪನನ್ನು ನೋಡುತ್ತಿದ್ದರು. ಅತ್ತೆಯೂ ನೋಡಿದಳು. ಓಲೆಯಿಂದ ಕೈ ಇಳಿಯಿತು. ಒಂದು ಚಪ್ಪಾಳೆಗೂ ಕಾಯದೆ ಅಂದಳು:

“ಪೆದ್ದಪ್ಪ ಬೈದದ್ದು ಕೇಳಲಿಲ್ಲ ನನಗೆ,
ಸದ್ದು ಬಂದಿತು, ಕತ್ತೆ ಹೋಯ್ತೆಂದೆ ಮನೆಗೆ!”

ಮಾಡು ಹಾರುವಂತೆ ನಗು. ‘ಕತ್ತೆ’ಗಿಂತ ಒಳ್ಳೆಯ ಬಿರುದು ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲ. ಮೂರು ಚಪ್ಪಾಳೆ ಬಿದ್ದರೂ ಅವನು ಬಾಯಿ ತೆರೆಯಲಿಲ್ಲ, ನಗುತ್ತಾ ನಿಂತು ಸೋತ. ಮನೆತನದ ಮೊದಲ ಸೋಲು ಅದು. ಅವ್ವ ಸ್ಲೇಟಿನಲ್ಲಿ ‘ದಡ್ಡ’ ಎಂದು ಬರೆದು, ಸ್ವಲ್ಪ ಹೊತ್ತು ನೋಡಿ, ತಾನೇ ಸೆರಗಿನಿಂದ ಒರೆಸಿದಳು.

ಹೊರಡುವಾಗ ಅತ್ತೆ ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡೇ ಬಾಗಿಲವರೆಗೆ ಬಂದಳು.

“ಬೀಗ್ರೇ, ನಾಳೆಯಿಂದ ಇವಳ ಮಿಷನ್ನು ನನ್ನ ಬಲಗಡೆ ಹಾಕಿಸ್ತೀನಿ.”

“ಯಾಕೆ ಅತ್ತಿಗೆಮ್ಮ?”

“ಎಡಗಡೆ ಕಿಟಕಿ ಗಾಳಿ ಜಾಸ್ತಿ. ಮತ್ತೆ ಸೀನು ಬಂತಾ?”

“ಇಲ್ಲ, ಇಲ್ಲ,” ಎಂದು ಅವನು ಕ್ಷಮೆಯನ್ನು ನುಂಗಿಕೊಂಡ.

ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಆ ಸಾಲು ಹೇಳುವಾಗ ತಾನು ಇದ್ದದ್ದು ಅವಳ ಎಡಕ್ಕೆ, ಅವಳ ಮುಖ ಇದ್ದದ್ದು ಲೋಟದ ಕಡೆ. ಹಾಗಾದರೆ ಅವಳಿಗೆ ಆ ಬೈಗುಳ ಕೇಳಿಸಿತ್ತೇ ಇಲ್ಲವೇ? ಅವಳ ಕೈ ಓಲೆಗೆ ಹೋದದ್ದು ನೋವಿಗೋ, ಏನೂ ಕೇಳಿಸದೆ ಮಂದಿ ಅಲ್ಲಿಗೇ ನೋಡಿ ನಕ್ಕದ್ದಕ್ಕೋ? ‘ಕೇಳಲಿಲ್ಲ ನನಗೆ’ ಎಂದದ್ದು ಆಟವೋ, ಬರೀ ನಿಜವೋ? ಮಗಳನ್ನು ಕೇಳಿದರೆ ಗೊತ್ತಿಲ್ಲ ಎಂದಳು. ಅವ್ವನಿಗೆ ಮಾತು ಮರಳಿದ ಮೇಲೂ ಈ ಒಂದು ವಿಷಯಕ್ಕೆ ಅವಳು ಬಾಯಿ ಬಿಡಲಿಲ್ಲ. ಅತ್ತೆಯನ್ನು ಕೇಳುವ ಧೈರ್ಯ ಅವನಿಗೆ ಇವತ್ತಿಗೂ ಬಂದಿಲ್ಲ. ಹಾಗಾಗಿ ಅದು ಯಾರಿಗೂ ಗೊತ್ತಿಲ್ಲ.