ಕೊನೆಯ ಅಂಕಿ

ಸುಷ್ಮಿತಾ ಕೆಲಸದಲ್ಲಿ ಚುರುಕು ಅಂತ ಹೊಸಪೇಟೆಯ ಆ ಟ್ರಸ್ಟ್ ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅವಳೂ ನಂಬಿದ್ದಳು, ಅದೇ ತೊಂದರೆ. ಹಳ್ಳಿಹಳ್ಳಿಗೆ ಎಕ್ಸ್‌ರೇ ಬಸ್ಸು ಹೋಗಿ ಜನರ ಎದೆಯ ಚಿತ್ರ ತೆಗೆದು ಬರುತ್ತಿತ್ತು. ಚಿತ್ರ ನೋಡುವ ಡಾಕ್ಟರು ಬೇರೆ ಊರಿನವರು. ವರದಿಯನ್ನು ಪಿಡಿಎಫ್ ಮಾಡಿ ಕಳಿಸುತ್ತಿದ್ದರು; ಬಸ್ಸಿನವರ ಹೆಸರಿನ ಪಟ್ಟಿಯೂ ಪಿಡಿಎಫ್ ಆಗಿಯೇ ಬರುತ್ತಿತ್ತು. ಎರಡರೊಳಗಿನ ಪಟ್ಟಿಗಳನ್ನೂ ಸಾಫ್ಟ್‌ವೇರಿನಿಂದ ಹೊರತೆಗೆದು, ಎಕ್ಸೆಲ್‌ಗೆ ಅಂಟಿಸಿ, ಎಕ್ಸ್‌ರೇ ನಂಬರ್ ಹಿಡಿದು ಹೆಸರಿನ ಮುಂದೆ ಫಲಿತಾಂಶ ಕೂರಿಸುವುದು ಸುಷ್ಮಿತಾಳ ಕೆಲಸ. ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುವವಳೂ ಅವಳೇ.

ಬುಧವಾರ ಬೆಳಿಗ್ಗೆ ಸಂಡೂರು ಕಡೆಯ ಗಣಿ ಗುತ್ತಿಗೆದಾರರ ಸೂಪರ್‌ವೈಸರ್ ಲಿಂಗರಾಜ್ ಫೋನ್ ಮಾಡಿದ. ಅವನ ಕೆಲಸಗಾರರಿಗೆ ಹಿಂದಿನ ವಾರ ಕ್ಯಾಂಪ್ ಆಗಿತ್ತು. ಯಾರ್ಯಾರು ಬಂದಿದ್ದರು ಎಂಬ ಪಟ್ಟಿ ಮಾತ್ರ ಅವನಿಗೆ ಹೋಗಿತ್ತು.

"ಮೇಡಂ, ಏನ್ ಪಟ್ಟಿ ಕಳ್ಸೀರಿ ಇದು? ಟೋಕನ್ ನಂಬರ್ ನಾನೂರಾ ಹದಿನೇಳು ಅಂತ ಎರಡು ಸಲ ಐತಿ. ನಮ್ಮಲ್ಲಿ ಮುಂದ ಒಂದು ಸೊನ್ನಿ ಇದ್ರ ಲೋಡಿಂಗ್‌ನೋರು, ಎರಡು ಸೊನ್ನಿ ಇದ್ರ ಡ್ರೈವರ್‌ಗಳು. ಸೊನ್ನಿ ಎಲ್ಲಿ ನುಂಗಿದ್ರಿ?"

"ಐದು ನಿಮಿಷ ತಡೀರಿ ಸರ್, ಹಾಕಿ ಕಳಸ್ತೀನಿ."

ಟೋಕನ್ ಕಾಲಂ ಆರಿಸಿ 'ಟೆಕ್ಸ್ಟ್' ಮಾಡಿದಳು. 417 ಎಡಗಡೆಗೆ ಸರಿದು ಕೂತಿತು, ಸೊನ್ನೆ ಮಾತ್ರ ಬರಲಿಲ್ಲ. ಎಲ್ಲಿಂದ ಬರಬೇಕು? ಅಂಟಿಸಿದ ಕೂಡಲೇ ಎಕ್ಸೆಲ್ ಅದನ್ನು ಲೆಕ್ಕದ ಸಂಖ್ಯೆ ಅಂತ ತಿಳಿದು ಮುಂದಿನ ಸೊನ್ನೆಗಳನ್ನು ಕಿತ್ತೆಸೆದಿತ್ತು. ಆಮೇಲೆ ಏನು ಮಾಡಿದರೂ ಎಸೆದದ್ದು ವಾಪಸ್ ಬರುವುದಿಲ್ಲ. ಹೊಸ ಹಾಳೆ ತೆರೆದಳು. ಈ ಸಲ ಖಾಲಿ ಕಾಲಂಗಳನ್ನೇ ಮೊದಲು ಟೆಕ್ಸ್ಟ್ ಮಾಡಿ, ಹೊರತೆಗೆದ ಪಟ್ಟಿಯನ್ನು ಬರೀ ಅಕ್ಷರವಾಗಿ ಅಂಟಿಸಿದಳು. 0417, 00417. ಇಬ್ಬರೂ ಬೇರೆಬೇರೆಯಾಗಿ ಬಂದು ಕೂತರು. ಇಷ್ಟೇ ತಾನೇ ಅಂದುಕೊಂಡಳು.

ಪಕ್ಕದ ಕಾಲಂನಲ್ಲಿ ಎಕ್ಸ್‌ರೇ ನಂಬರ್ ಇತ್ತು, ಹದಿನಾರು ಅಂಕಿಯದು. ಹೊಸ ಹಾಳೆಯಲ್ಲಿ ಅವುಗಳ ಕೊನೆ 1, 2, 3 ಅಂತ ಸಾಲಾಗಿ ಇಳಿದಿತ್ತು. ಹಳೆಯ ಹಾಳೆ ನೋಡಿದಳು. ಅಲ್ಲಿ ಎಲ್ಲದರ ಕೊನೆಗೂ ಸೊನ್ನೆ.

ಆಗ ಸುಷ್ಮಿತಾಳಿಗೆ ಹೊಳೆಯಿತು. ಎಕ್ಸೆಲ್ ಹದಿನೈದು ಅಂಕಿಯವರೆಗೆ ಮಾತ್ರ ಸಂಖ್ಯೆ ಹಿಡಿಯುತ್ತದೆ, ಹದಿನಾರನೆಯದನ್ನು ಅಳಿಸಿ ಅಲ್ಲಿ ಸೊನ್ನೆ ಇಡುತ್ತದೆ. ಅಂಟಿಸಿದಾಗ ಆ ನಂಬರು ನಡುವೆ ಚುಕ್ಕೆ, ಕೊನೆಗೆ ಇ ಅಕ್ಷರ ಹಾಕಿಕೊಂಡು ಏನೇನೋ ಆಗಿ ಕಾಣುತ್ತಿತ್ತು. ಅವಳು 'ನಂಬರ್' ಅಂತ ಬದಲಿಸಿ, ಹದಿನಾರೂ ಅಂಕಿ ಕಂಡದ್ದೇ ಸಾಕು ಅಂತ ಮುಂದೆ ಹೋಗುತ್ತಿದ್ದಳು. ಮುಂದಿನ ಸೊನ್ನೆ ಹೋದರೆ ಲಿಂಗರಾಜನಂಥವರು ಜಗಳಕ್ಕೆ ಬರುತ್ತಾರೆ. ಹಿಂದೆ ಕಳ್ಳನ ಹಾಗೆ ಬಂದು ಕೂತ ಸೊನ್ನೆಯನ್ನು ಯಾರು ಕೇಳಬೇಕು?

ಹೆಸರಿನ ಪಟ್ಟಿಯೂ ಹೀಗೇ ಕೆಟ್ಟಿತ್ತು, ವರದಿಯ ಪಟ್ಟಿಯೂ ಹೀಗೇ. ಎರಡೂ ಒಂದೇ ರೀತಿ ಕೆಟ್ಟದ್ದರಿಂದ ಸೊಗಸಾಗಿ ಹೊಂದಿಕೊಂಡಿದ್ದವು. ಹತ್ತು ಜನಕ್ಕೆ ಒಂದೇ ನಂಬರ್. ಹುಡುಕುವ ಸೂತ್ರ ಮೊದಲು ಸಿಕ್ಕವನ ಫಲಿತಾಂಶ ತಂದು ಹತ್ತೂ ಜನರ ಮುಂದೆ ಇಟ್ಟಿತ್ತು.

ಸಂಡೂರಿನವರಿಗೆ ಫಲಿತಾಂಶ ಇನ್ನೂ ಹೇಳಿರಲಿಲ್ಲ. ಅದಕ್ಕೂ ಹಿಂದೆ ಕ್ಯಾಂಪ್ ಆಗಿದ್ದ ಮೆಟ್ರಿ ಹಳ್ಳಿಯವರಿಗೆ ಹೇಳಿ ಆಗಿತ್ತು. ಎಂಬತ್ತನಾಲ್ಕು ಜನ, ಎಲ್ಲರೂ ನಾರ್ಮಲ್. ಅವತ್ತು ಅವಳು ಖುಷಿಯಾಗಿದ್ದಳು. ಈಗ ಮೆಟ್ರಿಯ ಎರಡೂ ಪಟ್ಟಿಯನ್ನು ಟೆಕ್ಸ್ಟ್ ಆಗಿ ಮತ್ತೆ ಅಂಟಿಸಿ, ಪಿಡಿಎಫ್ ಜೊತೆ ಕೊನೆಯ ಅಂಕಿ ತಾಳೆ ನೋಡಿ, ಸೂತ್ರ ಓಡಿಸಿದಳು. ಎಂಬತ್ತಮೂರು ಜನ ನಾರ್ಮಲ್. 47ರಲ್ಲಿ ಮುಗಿಯುವ ನಂಬರಿನ ಮುಂದೆ, ಬಲಗಡೆ ಮೇಲಿನ ಶ್ವಾಸಕೋಶದಲ್ಲಿ ಕಲೆ, ಕ್ಷಯದ ಶಂಕೆ, ಕಫ ಪರೀಕ್ಷೆ ಮಾಡಿಸಿ. ಹೆಸರು ಊರಮ್ಮ.

ಆ ಹೆಸರು ಅವಳಿಗೆ ನೆನಪಿತ್ತು. ಅಯ್ಯೋ, ಮರೆಯೋದಾದರೂ ಹ್ಯಾಗೆ? ಆಕೆಯೊಬ್ಬಳೇ ಎರಡೆರಡು ಸಲ ಕೇಳಿದ್ದಳು. "ಮಗಳು ಬಾಣಂತನಕ ಬಂದಾಳವ್ವಾ. ಕೆಮ್ಮು ಐತಂತ ಕೂಸಿನ್ನ ಮುಟ್ಟಿಲ್ಲ ನಾನು. ಈಗ ಎತ್ಗೋಬೌದಲ್ಲ?" ಸುಷ್ಮಿತಾ ನಕ್ಕು, "ಆರಾಮ ಎತ್ಗೋರಿ" ಅಂದಿದ್ದಳು. ಆ ಮಾತು ಹೇಳಿ ಮೂವತ್ತೊಂಬತ್ತು ದಿನ ಆಗಿತ್ತು.

ವಿಷಯ ಕೇಳಿ ಆಸ್ಪತ್ರೆಯ ಡಾಕ್ಟರ್ ಜಂಬುನಾಥ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಜಲ್ದಿ ಹೋಗು, ಜೀಪ್ ತಗೊ. ಕಫದ ಡಬ್ಬಿ ಒಯ್ಯಿ. ಕೂಸಿನ್ನೂ ಕರ್ಕೊಂಡು ಬರಾಕ ಹೇಳು, ಪರೀಕ್ಷೆ ಮಾಡಿ ಬೇಕಾದ್ರ ಮುಂಜಾಗ್ರತೆ ಔಷಧಿ ಶುರು ಮಾಡಣ," ಅಂದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಹಿಂಗಾಗಿದ್ದು ಇದೊಂದ ಕ್ಯಾಂಪಿನ್ಯಾಗ ಅಷ್ಟ, ಹೌದಲ್ಲ?"

"ಹೂಂ ಸರ್."

ಬಾಯಿಗೆ ಬಂದದ್ದು ಬಂದುಹೋಯಿತು. ಹೋದ ವರ್ಷದಿಂದ ಅವಳು ಅಂಟಿಸುತ್ತಿದ್ದದ್ದು ಹೀಗೇ. ಕಂಪ್ಲಿ, ಕಡ್ಡಿರಾಂಪುರ, ಇನ್ನೂ ಎಷ್ಟೋ. ಮೊದಲು ಊರಮ್ಮನ ಕೆಲಸ ಮುಗಿಯಲಿ, ಆಮೇಲೆ ಯಾರಿಗೂ ಹೇಳದೆ ನಾನೇ ಸರಿಮಾಡುತ್ತೇನೆ ಅಂತ ಜೀಪಿನಲ್ಲಿ ಕೂತು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಮಾಧಾನ ಆಗಲಿಲ್ಲ. ಕಾಲುವೆ, ಗದ್ದೆ, ಭತ್ತದ ಲಾರಿ ಏನೂ ಅವಳ ಕಣ್ಣಿಗೆ ಬೀಳಲಿಲ್ಲ.

ಮೆಟ್ರಿಯ ಆಶಾ ಕಾರ್ಯಕರ್ತೆ ಪಂಪಮ್ಮ ಮನೆ ತೋರಿಸಿದಳು. ಊರಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಎಣ್ಣೆ ಹಚ್ಚಿದ ಕೂಸು ಅವಳ ಮೊಣಕಾಲ ಮೇಲಿತ್ತು.

"ಬರ್ರಿ, ಕುಂದ್ರಿ," ಅಂದಳು ಊರಮ್ಮ, ಅಂದು ಕೆಮ್ಮಿದಳು.

"ಅಮ್ಮಾ, ಮೊದ್ಲು ಕೂಸಿನ್ನ ಮಗಳ ಕೈಗೆ ಕೊಡ್ರಿ."

ಮಗಳು ಭಾಗ್ಯ ಒಳಗಿನಿಂದ ಬಂದಳು. ಸುಷ್ಮಿತಾಳ ಮುಖ ನೋಡಿದವಳೇ ಕೂಸನ್ನು ಎತ್ತಿಕೊಂಡಳು. ಊರಮ್ಮನ ಎದೆಯಲ್ಲಿ ಕಲೆ ಇದೆ, ಕ್ಷಯ ಇರಬಹುದು ಅಂತ ಸುಷ್ಮಿತಾ ಹೇಳಿದಳು. ಕಂಪ್ಯೂಟರ್ ತಪ್ಪು ಅನ್ನಬಹುದಿತ್ತು, ದಾರಿಯುದ್ದಕ್ಕೂ ಅದನ್ನೇ ಹೊಂದಿಸಿಕೊಂಡು ಬಂದಿದ್ದಳು. ಊರಮ್ಮನ ಎಣ್ಣೆಯ ಕೈ ನೋಡಿದ ಮೇಲೆ ಆ ಮಾತು ಹೊರಡಲಿಲ್ಲ. "ನಿಮ್ಮ ನಂಬರಿನ ಕೊನೇ ಅಂಕಿ ಹೋಗಿತ್ತು. ನಾ ನೋಡ್ಲಿಲ್ಲ. ಬ್ಯಾರೆಯೋರ ರಿಪೋರ್ಟ್ ನಿಮಗ ಹೇಳೀನಿ. ತಪ್ಪು ನಂದು."

ಭಾಗ್ಯ ಅಳತೊಡಗಿದಳು. "ನಿಮ್ಮ ಮಾತು ನಂಬಿ ಕೂಸಿನ್ನ ಕೊಟ್ಟೆನಲ್ರಿ," ಅಂದಳು. ಸುಷ್ಮಿತಾ ಕಫದ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟಳು. ಪಂಪಮ್ಮನೇ ಮುಂದೆ ಬಂದು, ಔಷಧಿ ಪುಕ್ಕಟೆ, ಗುಣ ಆಗೋ ರೋಗ, ಇವತ್ತೇ ಕೂಸನ್ನು ತೋರಿಸೋಣ ಅಂತ ಸಾವಕಾಶ ತಿಳಿಸಿ ಹೇಳಿದಳು.

ಊರಮ್ಮ ಬಾಯಿಗೆ ಸೆರಗು ಒತ್ತಿ ದೂರ ಸರಿದು ಕೂತಳು. ತನ್ನ ಎಣ್ಣೆಯ ಕೈಗಳನ್ನು ನೋಡಿಕೊಂಡಳು. ಬಯ್ಗುಳ ಬರುತ್ತದೆ ಅಂತ ಸುಷ್ಮಿತಾ ಕಾದಳು, ಬರಲಿ ಅಂತಲೇ ಕಾದಳು.

"ನನಗ ಹೇಳಿದಂಗ," ಅಂದಳು ಊರಮ್ಮ, "ಇನ್ನೆಷ್ಟು ಮನಿಗೆ ಹೇಳೀಯವ್ವಾ, ಕೂಸು ಎತ್ಗೋರಿ ಅಂತ?"

ಆಕೆ ಸಿಟ್ಟಿನಿಂದ ಕೇಳಿರಲಿಲ್ಲ. ಆ ಮನೆಗಳ ಚಿಂತೆಯಿಂದ ಕೇಳಿದ್ದಳು. ಸುಷ್ಮಿತಾ ಅಂಗಳದಲ್ಲಿ ನಿಂತೇ ಫೋನ್ ತೆಗೆದಳು. ಆ ಕಡೆ ಡಾಕ್ಟರ್ ಜಂಬುನಾಥ ಹಲೋ ಅಂದರು.

"ಸರ್, ನಿಮಗ ಸುಳ್ಳು ಹೇಳೀನಿ. ಇದೊಂದ ಕ್ಯಾಂಪ್ ಅಲ್ಲ. ಹದಿನೇಳು ಕ್ಯಾಂಪ್, ಸರ್. ಎಲ್ಲರಿಗೂ ನಾನ ಫೋನ್ ಮಾಡೀನಿ."